ಷೇರು ಮಾರೋ ಮುಂಚೆ ದಿನ ಎಣಿಸಿ: ವರ್ಷ ತುಂಬೋ ದಿನವನ್ನು ಮೊದಲೇ ನೆನಪಿಸೋ ಪಟ್ಟಿ ಹೀಗೆ ಮಾಡಿಕೊಳ್ಳಿ

ನಮ್ಮ ಪೇಟೆಯ ಪಾತ್ರೆ ಅಂಗಡಿ ಯಜಮಾನರೊಬ್ಬರು 2025ರ ಸೆಪ್ಟೆಂಬರ್ 10ರಂದು ತಮ್ಮ ಬಳಿ ಇದ್ದ 200 ಷೇರು ಮಾರಿದರು. ದಸರಾ, ದೀಪಾವಳಿಗೆ ಮಾಲು ತುಂಬಿಸೋಕೆ ದುಡ್ಡು ಬೇಕಿತ್ತು. 2024ರ ಸೆಪ್ಟೆಂಬರ್ 16ರಂದು ಒಂದಕ್ಕೆ 800 ರೂಪಾಯಿ ಕೊಟ್ಟು ತಗೊಂಡಿದ್ದ ಷೇರು, 1,250ಕ್ಕೆ ಹೋಯ್ತು. ಲಾಭ 90,000 ರೂಪಾಯಿ. ಖುಷಿಯಾಗಿದ್ದರು.

ಆಮೇಲೆ ಆಡಿಟರ್ ಹತ್ರ ಹೋದಾಗ ಲೆಕ್ಕ ಬೇರೆಯೇ ಬಂತು. "ಇನ್ನೊಂದು ವಾರ ತಡೆದಿದ್ರೆ ಒಂದು ರೂಪಾಯಿನೂ ಕಟ್ಟಬೇಕಿರಲಿಲ್ಲ ಅಣ್ಣ, ಈಗ 18,720 ಕಟ್ಟಬೇಕು" ಅಂದರು ಆಡಿಟರ್. ಮಾಲು ಇಳಿಸೋದಕ್ಕೆ ಒಂದು ವಾರ ತಡವಾಗಿದ್ದರೂ ಇವರಿಗೆ ನಷ್ಟ ಇರಲಿಲ್ಲ. ದಿನಾಂಕ ನೆನಪಿಸೋರು ಯಾರೂ ಇರಲಿಲ್ಲ, ಅಷ್ಟೇ.

ಆ ಒಂದು ವಾರದಲ್ಲಿ ಏನು ಬದಲಾಗುತ್ತೆ, ಆ ದಿನ ಹತ್ತಿರ ಬಂದಾಗ ಮೊದಲೇ ಗೊತ್ತಾಗೋ ಹಾಗೆ ಏನು ಮಾಡಿಕೊಳ್ಳಬೇಕು ಅನ್ನೋದು ಇಲ್ಲಿದೆ.

18,720 ಬಂದಿದ್ದು ಹೇಗೆ?

ಷೇರು ಮಾರುಕಟ್ಟೆಯಲ್ಲಿ ವಹಿವಾಟಾಗುವ ಷೇರು ಮತ್ತು ಈಕ್ವಿಟಿ ಮ್ಯೂಚುವಲ್ ಫಂಡ್‌ಗಳನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಬರುವ ಲಾಭ ದೀರ್ಘಾವಧಿ ಲಾಭ. ಅದಕ್ಕಿಂತ ಮುಂಚೆ ಮಾರಿದರೆ ಅಲ್ಪಾವಧಿ ಲಾಭ. 2024ರ ಜುಲೈ 23ರ ನಂತರದ ಮಾರಾಟಕ್ಕೆ ಅಲ್ಪಾವಧಿ ಲಾಭದ ಮೇಲೆ ಶೇ 20 ತೆರಿಗೆ. ದೀರ್ಘಾವಧಿ ಲಾಭಕ್ಕೆ ಒಂದು ಹಣಕಾಸು ವರ್ಷದಲ್ಲಿ ಒಟ್ಟು 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಮಾತ್ರ ಶೇ 12.5. ಎರಡಕ್ಕೂ ಮೇಲೆ ಶೇ 4 ಸೆಸ್.

ಪಾತ್ರೆ ಅಂಗಡಿಯವರ 90,000ಕ್ಕೆ ಶೇ 20 ಅಂದ್ರೆ 18,000, ಸೆಸ್ 720. ಅದೇ ಸೆಪ್ಟೆಂಬರ್ 17ರಂದು ಮಾರಿದ್ದರೆ 90,000 ಪೂರ್ತಿ 1.25 ಲಕ್ಷದ ಒಳಗೇ ಇರುತ್ತಿತ್ತು. ಆ ವರ್ಷ ಅವರಿಗೆ ಬೇರೆ ದೀರ್ಘಾವಧಿ ಲಾಭ ಇರಲಿಲ್ಲ, ಹಾಗಾಗಿ ತೆರಿಗೆ ಸೊನ್ನೆ.

"12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ ಅಂದ್ರಲ್ಲ, ನನ್ನ ಅಂಗಡಿ ಆದಾಯ 7 ಲಕ್ಷ ತಾನೇ?" ಅಂತ ಅವರು ಕೇಳಿದರು. ತುಂಬಾ ಜನ ಎಡವೋದು ಇಲ್ಲೇ. ಹೊಸ ಪದ್ಧತಿಯ 12 ಲಕ್ಷದ ರಿಯಾಯಿತಿ ಅಂಗಡಿ ಆದಾಯ, ಸಂಬಳ, ಬಡ್ಡಿ ಇಂಥದ್ದಕ್ಕೆ. ಷೇರು ಮಾರಿದ ಲಾಭಕ್ಕೆ ಬೇರೆ ದರ ಇರೋದರಿಂದ ಅದಕ್ಕೆ ಈ ರಿಯಾಯಿತಿ ಸಿಗಲ್ಲ. ಬೇರೆ ಆದಾಯ 4 ಲಕ್ಷದ ಮೂಲ ಮಿತಿಗಿಂತ ಕಡಿಮೆ ಇದ್ದವರಿಗೆ ಮಾತ್ರ, ಆ ಮಿತಿಯಲ್ಲಿ ಉಳಿದಷ್ಟು ಮೊತ್ತವನ್ನು ಷೇರಿನ ಲಾಭದಿಂದ ಕಳೆಯಬಹುದು.

ಯಾವ ದಿನದಿಂದ ಎಣಿಸಬೇಕು?

ಷೇರಾದರೆ ಬ್ರೋಕರ್ ಕಳಿಸುವ ಕಾಂಟ್ರಾಕ್ಟ್ ನೋಟ್‌ನಲ್ಲಿರುವ ಖರೀದಿ ದಿನ. ಮ್ಯೂಚುವಲ್ ಫಂಡ್ ಆದರೆ ಯೂನಿಟ್ ಹಂಚಿಕೆಯಾದ ದಿನ, ಬ್ಯಾಂಕಿಂದ ದುಡ್ಡು ಕಟ್ ಆದ ದಿನ ಅಲ್ಲ.

ಕಾನೂನು ಕೇಳೋದು 12 ತಿಂಗಳಿಗಿಂತ "ಹೆಚ್ಚು". ಹಾಗಾಗಿ ಮುಂದಿನ ವರ್ಷ ಅದೇ ತಾರೀಖಿಗೆ ಮಾರೋದು ಬೇಡ, ಮಾರನೇ ದಿನದಿಂದ ಮಾರಿ. 2024ರ ಸೆಪ್ಟೆಂಬರ್ 16ರ ಖರೀದಿಗೆ 2025ರ ಸೆಪ್ಟೆಂಬರ್ 17 ಆ ದಿನ. ಇನ್ನೂ ಒಂದೆರಡು ದಿನ ಬಿಟ್ಟು ಮಾರಿದರೆ ತಕರಾರಿಗೆ ಜಾಗವೇ ಇರಲ್ಲ.

ಎಸ್‌ಐಪಿ ಇದ್ದವರಿಗೆ ಒಂದಲ್ಲ, ಹತ್ತಾರು ದಿನಾಂಕ

"ನಂದು ಎಸ್‌ಐಪಿ ಶುರುವಾಗಿ ಒಂದೂವರೆ ವರ್ಷ ಆಯ್ತು, ಎಲ್ಲಾ ದೀರ್ಘಾವಧಿ ಆಯ್ತಲ್ಲ" ಅನ್ನೋದು ತಪ್ಪು. ಪ್ರತಿ ತಿಂಗಳ ಕಂತೂ ಬೇರೆ ಬೇರೆ ಖರೀದಿ, ಪ್ರತಿಯೊಂದಕ್ಕೂ ಅದರದ್ದೇ 12 ತಿಂಗಳು.

2024ರ ಜೂನ್‌ನಿಂದ ಪ್ರತಿ ತಿಂಗಳು 7ಕ್ಕೆ 5,000 ಕಟ್ಟುತ್ತಾ ಬಂದವರು 2025ರ ಸೆಪ್ಟೆಂಬರ್ 20ಕ್ಕೆ ನೋಡಿದರೆ 16 ಕಂತು ಆಗಿರುತ್ತೆ. ಅದರಲ್ಲಿ ವರ್ಷ ದಾಟಿರೋದು 2024ರ ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್‌ನ 4 ಕಂತು ಮಾತ್ರ. ಇದರಲ್ಲೂ ಒಂದು ಸೂಕ್ಷ್ಮ ಇದೆ. 2024ರ ಸೆಪ್ಟೆಂಬರ್ 7 ಶನಿವಾರ, ಗಣೇಶ ಚೌತಿ. ಆ ಕಂತಿನ ಯೂನಿಟ್ ಹಂಚಿಕೆ ಆಗೋದು ಸೋಮವಾರ 9ಕ್ಕೆ. ಅಂದ್ರೆ ಆ ಕಂತನ್ನು ಮಾರಬಹುದಾದ ದಿನ 2025ರ ಸೆಪ್ಟೆಂಬರ್ 10. 7 ಅಂತ ನೆನಪಿಟ್ಟುಕೊಂಡು 8ಕ್ಕೆ ಮಾರಿದವರು ಎರಡು ದಿನದಲ್ಲಿ ತಪ್ಪಿಸಿಕೊಳ್ತಾರೆ.

ಭಾಗಶಃ ಮಾರುವಾಗ ಮೊದಲು ತಗೊಂಡಿದ್ದು ಮೊದಲು ಹೋಯ್ತು ಅಂತಲೇ ಲೆಕ್ಕ. ಒಂದು ಡಿಮ್ಯಾಟ್ ಖಾತೆಯಲ್ಲಿರುವ ಒಂದೇ ಕಂಪನಿಯ ಷೇರಿಗೂ ಇದೇ ನಿಯಮ. ಅದಕ್ಕೇ ದುಡ್ಡು ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ ಮಾರಿದರೆ ಹಳೇ ಕಂತುಗಳೇ ಹೋಗುತ್ತೆ, ಹೊಸದು ಹಾಗೇ ಉಳಿಯುತ್ತೆ.

ಪಟ್ಟಿ ಮಾಡೋದು ಹೇಗೆ?

ಮೊದಲು ಖರೀದಿ ದಿನಾಂಕಗಳು ಬೇಕು. ಷೇರಿನದ್ದು ಬ್ರೋಕರ್ ಆಪ್‌ನಲ್ಲಿ ಸಿಗುತ್ತೆ. ಮ್ಯೂಚುವಲ್ ಫಂಡ್‌ನದ್ದು ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ವೆಬ್‌ಸೈಟ್‌ನಲ್ಲಿ ಇಮೇಲ್ ಕೊಟ್ಟು ಎಲ್ಲಾ ಫಂಡ್ ಸೇರಿದ ವಿವರವಾದ ಸ್ಟೇಟ್‌ಮೆಂಟ್ ತರಿಸಿಕೊಳ್ಳಬಹುದು.

ಮೊಬೈಲ್‌ನಲ್ಲೇ ಗೂಗಲ್ ಶೀಟ್ಸ್ ತೆರೆಯಿರಿ. A ಕಾಲಮ್‌ನಲ್ಲಿ ಹೆಸರು, B ಯಲ್ಲಿ ಖರೀದಿ ದಿನ, C ಯಲ್ಲಿ ಎಷ್ಟು ಷೇರು ಅಥವಾ ಯೂನಿಟ್, D ಯಲ್ಲಿ ಖರೀದಿ ದರ ಬರೆಯಿರಿ. ಒಂದು ಖರೀದಿಗೆ ಒಂದು ಸಾಲು, ಎಸ್‌ಐಪಿ ಆದರೆ ಒಂದು ಕಂತಿಗೆ ಒಂದು ಸಾಲು. ಆಮೇಲೆ E2, F2, G2 ನಲ್ಲಿ ಕ್ರಮವಾಗಿ ಈ ಮೂರು ಸೂತ್ರ ಹಾಕಿ ಕೆಳಗಿನವರೆಗೂ ಎಳೆಯಿರಿ:

```
=EDATE(B2,12)+1
=E2-TODAY()
=IF(AND(F2>0,F2<=15),"ತಡೆಯಿರಿ","")
```

E ಯಲ್ಲಿ ಮಾರಬಹುದಾದ ಮೊದಲ ದಿನ ಬರುತ್ತೆ, F ನಲ್ಲಿ ಇನ್ನೆಷ್ಟು ದಿನ ಬಾಕಿ ಅಂತ. 15 ದಿನ ಅಥವಾ ಕಡಿಮೆ ಉಳಿದಿದ್ದರೆ G ಯಲ್ಲಿ "ತಡೆಯಿರಿ" ಅಂತ ಕಾಣುತ್ತೆ. E ಯಲ್ಲಿ ದಿನಾಂಕದ ಬದಲು 45917 ಥರ ಸಂಖ್ಯೆ ಬಂದರೆ ಗಾಬರಿ ಬೇಡ, ಆ ಕಾಲಮ್‌ನ ಫಾರ್ಮ್ಯಾಟ್ ಅನ್ನು ದಿನಾಂಕಕ್ಕೆ ಬದಲಿಸಿದರೆ ಸರಿಹೋಗುತ್ತೆ.

ನಿಜವಾಗಿ ಕೈ ಕೊಡೋದು ಬೇರೆ. ಶೀಟ್ ಅಮೆರಿಕದ ಪದ್ಧತಿಯಲ್ಲಿದ್ದರೆ ನೀವು ಫೆಬ್ರವರಿ 5 ಅಂತ ಬರೆದ 05/02/2025 ಅನ್ನು ಅದು ಮೇ 2 ಅಂತ ಓದುತ್ತೆ. ಮೂರು ತಿಂಗಳು ವ್ಯತ್ಯಾಸ, ನೋಡಿದರೆ ಗೊತ್ತೂ ಆಗಲ್ಲ. ಅದಕ್ಕೆ ದಿನಾಂಕವನ್ನು 05-Feb-2025 ಅಂತ ತಿಂಗಳ ಹೆಸರಿನ ಜೊತೆ ಬರೆಯಿರಿ. ಆ ಸಾಲಿನ E ಯಲ್ಲಿ 2026ರ ಫೆಬ್ರವರಿ 6 ಬಂದರೆ ಸರಿಯಾಗಿದೆ ಅಂತ ಅರ್ಥ.

ಶೀಟ್ ತಾನಾಗಿ ನಿಮ್ಮನ್ನು ಕರೆಯಲ್ಲ, ತೆರೆದು ನೋಡಬೇಕು. ಅದಕ್ಕೆ E ಯಲ್ಲಿ ಬಂದ ದಿನಗಳನ್ನು ಫೋನ್ ಕ್ಯಾಲೆಂಡರ್‌ಗೆ ಹಾಕಿ, 15 ದಿನ ಮುಂಚೆ ಒಂದು, 2 ದಿನ ಮುಂಚೆ ಒಂದು ನೆನಪೋಲೆ ಇಡಿ. ಫೋನ್ ತಂಟೆ ಬೇಡ ಅನ್ನೋರು ಅಂಗಡಿ ಗೋಡೆ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಲ್ಲಿ ಸುತ್ತು ಹಾಕಿದರೂ ಸಾಕು.

ತಡೆಯಬೇಕಾ, ಮಾರಬೇಕಾ?

ನೆನಪೋಲೆ ಬಂತು ಅಂತ ಕಣ್ಣು ಮುಚ್ಚಿ ಕಾಯೋದೂ ತಪ್ಪು. ಆ ವಾರದಲ್ಲಿ ಬೆಲೆ ಬೀಳಬಹುದು. ಎಷ್ಟು ಬಿದ್ದರೆ ಕಾದಿದ್ದು ನಷ್ಟ ಅಂತ ಒಂದು ಭಾಗಾಕಾರದಲ್ಲಿ ತಿಳಿಯುತ್ತೆ. ಕಾದರೆ ಉಳಿಯೋ ತೆರಿಗೆಯನ್ನು ಷೇರಿನ ಸಂಖ್ಯೆಯಿಂದ ಭಾಗಿಸಿ.

ಪಾತ್ರೆ ಅಂಗಡಿಯವರಿಗೆ 18,720 ಭಾಗಿಸು 200, ಅಂದ್ರೆ 93 ರೂಪಾಯಿ 60 ಪೈಸೆ. 1,250ರ ಷೇರು ಆ ವಾರದಲ್ಲಿ 1,156ಕ್ಕಿಂತ ಕೆಳಗೆ ಬಿದ್ದಿದ್ದರೆ ಮಾತ್ರ ಕಾದಿದ್ದಕ್ಕೆ ಪಶ್ಚಾತ್ತಾಪ. ಅಂದ್ರೆ ಒಂದು ವಾರದಲ್ಲಿ ಶೇ 7.5ರಷ್ಟು ಕುಸಿತ. ಬೀಳೋದೇ ಇಲ್ಲ ಅನ್ನೋಕಾಗಲ್ಲ, ಆದರೆ ಈ ಸಂಖ್ಯೆ ಎದುರಿಗಿದ್ದರೆ ತೀರ್ಮಾನ ಸುಲಭ. 60 ದಿನ ಬಾಕಿ ಇದ್ದರೆ ಅದೇ ಶೇ 7.5 ಬೀಳೋಕೆ ಅವಕಾಶ ಜಾಸ್ತಿ. ಅದಕ್ಕೇ ಸೂತ್ರದಲ್ಲಿ 15 ದಿನ ಅಂತ ಇಟ್ಟಿರೋದು, ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ.

ನಷ್ಟದಲ್ಲಿದ್ದರೆ ಲೆಕ್ಕ ಉಲ್ಟಾ

ಪಟ್ಟಿಯಲ್ಲಿ ಒಂದು ಷೇರು ನಷ್ಟದಲ್ಲಿದ್ದು, ಹೇಗೂ ಮಾರಬೇಕು ಅಂತಿದ್ದರೆ ವರ್ಷ ತುಂಬೋಕೆ ಮುಂಚೆ ಮಾರೋದೇ ಲೇಸು. ಅಲ್ಪಾವಧಿ ನಷ್ಟವನ್ನು ಅಲ್ಪಾವಧಿ ಲಾಭ, ದೀರ್ಘಾವಧಿ ಲಾಭ ಎರಡರಲ್ಲೂ ಕಳೆಯಬಹುದು. ವರ್ಷ ದಾಟಿ ಅದು ದೀರ್ಘಾವಧಿ ನಷ್ಟವಾದರೆ ದೀರ್ಘಾವಧಿ ಲಾಭದಲ್ಲಿ ಮಾತ್ರ ಕಳೆಯಬಹುದು. ಹಾಗಾಗಿ "ತಡೆಯಿರಿ" ಅಂತ ಬಂದಾಗ ಮೊದಲು D ಯಲ್ಲಿರೋ ಖರೀದಿ ದರವನ್ನು ಇವತ್ತಿನ ದರದ ಜೊತೆ ಹೋಲಿಸಿ. ಲಾಭ ಇದ್ದರೆ ತಡೆಯೋ ಮಾತು, ನಷ್ಟ ಇದ್ದರೆ ಬೇಗ ತೀರ್ಮಾನಿಸೋ ಮಾತು.

ಪಟ್ಟಿ ತಪ್ಪು ಹೇಳೋ ಜಾಗಗಳು

ಬೋನಸ್ ಷೇರು ಬಂದಿದ್ದರೆ ಅದಕ್ಕೆ ಹೊಸ ಸಾಲು ಬೇಕು. ಅದರ ದಿನ ಬೋನಸ್ ಹಂಚಿಕೆಯಾದ ದಿನದಿಂದ ಶುರು, ಖರೀದಿ ದರ ಸೊನ್ನೆ. ಮೂಲ ಷೇರಿನ ದಿನಾಂಕ ಅದಕ್ಕೆ ಬರಲ್ಲ.

ಫಂಡ್‌ನಲ್ಲಿ ರೆಗ್ಯುಲರ್ ಪ್ಲಾನ್‌ನಿಂದ ಡೈರೆಕ್ಟ್ ಪ್ಲಾನ್‌ಗೆ ಸ್ವಿಚ್ ಮಾಡಿದರೆ ಅದು ಮಾರಾಟ ಮತ್ತು ಹೊಸ ಖರೀದಿ. ಎಣಿಕೆ ಮತ್ತೆ ಒಂದರಿಂದ.

2023ರ ಏಪ್ರಿಲ್ 1ರ ನಂತರ ತಗೊಂಡ ಡೆಟ್ ಫಂಡ್ ಈ ಪಟ್ಟಿಗೆ ಬೇಡವೇ ಬೇಡ. ಎಷ್ಟು ವರ್ಷ ಇಟ್ಟರೂ ಅದರ ಲಾಭ ಅಲ್ಪಾವಧಿಯೇ, ನಿಮ್ಮ ಆದಾಯದ ಸ್ಲ್ಯಾಬ್ ಪ್ರಕಾರ ತೆರಿಗೆ.

ಒಡವೆ, ಸೈಟು, ಮನೆಗೆ 12 ಅಲ್ಲ, 24 ತಿಂಗಳು. ಅದನ್ನೂ ಪಟ್ಟಿಗೆ ಸೇರಿಸೋರು ಆ ಸಾಲಿನ ಸೂತ್ರದಲ್ಲಿ 12 ಇದ್ದ ಕಡೆ 24 ಹಾಕಿ. 1.25 ಲಕ್ಷದ ವಿನಾಯಿತಿ ಅವಕ್ಕೆ ಇಲ್ಲ ಅನ್ನೋದು ನೆನಪಿರಲಿ.

ಪಾತ್ರೆ ಅಂಗಡಿಯವರ ಬಳಿ ಅದೇ ಕಂಪನಿಯ ಇನ್ನೂ 100 ಷೇರು ಉಳಿದಿತ್ತು, 2025ರ ಫೆಬ್ರವರಿ 5ರಂದು ತಗೊಂಡಿದ್ದು. ಕ್ಯಾಶ್ ಡಬ್ಬಿ ಹಿಂದಿನ ಕ್ಯಾಲೆಂಡರ್‌ನಲ್ಲಿ ಫೆಬ್ರವರಿ 6ಕ್ಕೆ ಅವತ್ತೇ ಸುತ್ತು ಹಾಕಿಕೊಂಡರು.