ಯೋಜನಾ ಕಾರ್ಯ: ಸೋಸಿದ ನೀರು, ಉಳಿದ ಜೀವಾಣಿ (25 ಅಂಕ)

ಹಿಪ್ಪರಗಿ ಬ್ಯಾರೇಜಿನ ಸುತ್ತಲಿನ ಕೃಷ್ಣಾತೀರದ ಊರುಗಳ ವಿದ್ಯಾರ್ಥಿಗಳಿಗೆ ಈ ವಿಷಯ. ಶ್ರಾವಕರು ನೀರನ್ನು ಎರಡು ಪದರದ ದಪ್ಪ ಬಟ್ಟೆಯಲ್ಲಿ ಸೋಸುತ್ತಾರೆ. ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಸೋಸಿದ ನೀರಿನಿಂದಲೇ ತೊಳೆದು, ನೀರು ತಂದ ಬಾವಿಗೋ ಹೊಳೆಗೋ ಮರಳಿ ಬಿಡಬೇಕು. ಬೇರೆ ನೀರಿನಲ್ಲಿ ಆ ಜೀವಿಗಳು ಬದುಕಲಾರವು ಎಂಬುದು ಕಾರಣ. 48 ನಿಮಿಷ ಕಳೆದರೆ ಮತ್ತೆ ಸೋಸಬೇಕು.

ಸಂಶೋಧನಾ ಪ್ರಶ್ನೆಗಳು: ಬಾವಿ ಸೇದುತ್ತಿದ್ದಾಗ ನಿಮ್ಮ ಮನೆಯ ಜೀವಾಣಿ ಎಲ್ಲಿಗೆ ಹೋಗುತ್ತಿತ್ತು? ನಳ ಬಂದ ಮೇಲೆ ಎಲ್ಲಿಗೆ? ಗಟಾರಕ್ಕಾದರೆ, ಸೋಸಿದ್ದರಲ್ಲಿ ಅಹಿಂಸೆ ಎಷ್ಟು ಉಳಿಯಿತು?

ಅಂಕ: ವಿಧಾನದ ವಿವರಣೆ 5, ಮನೆಯ ಹಿರಿಯರ ಸಂದರ್ಶನ 8, ಕೊನೆಯ ಪ್ರಶ್ನೆಗೆ ಸ್ವಂತ ತರ್ಕ 12. ಬಟ್ಟೆ ಎಲ್ಲ ರೋಗಾಣುಗಳನ್ನೂ ತಡೆಯುತ್ತದೆಂದು ಬರೆದರೆ 2 ಅಂಕ ಕಡಿತ. ಬ್ಯಾಕ್ಟೀರಿಯಾ ಎಳೆಗಳ ನಡುವೆ ಸುಲಭವಾಗಿ ದಾಟುತ್ತವೆ.