ನೆನಪಿನ ಅರಮನೆ: ಒಂದು ತಂತ್ರದ ಚರಿತ್ರೆ

ನೆನಪಿಡಬೇಕಾದ ವಿಷಯಗಳನ್ನು ಚಿತ್ರಗಳನ್ನಾಗಿಸಿ, ಪರಿಚಿತ ಕಟ್ಟಡ ಅಥವಾ ಬೀದಿಯ ಗೊತ್ತಾದ ಜಾಗಗಳಲ್ಲಿ ಒಂದೊಂದಾಗಿ ಇರಿಸಿ, ಮನಸ್ಸಿನಲ್ಲೇ ಅಲ್ಲಿ ನಡೆಯುತ್ತ ಮರಳಿ ಪಡೆಯುವ ವಿಧಾನವೇ ನೆನಪಿನ ಅರಮನೆ.

ಇದರ ಹುಟ್ಟನ್ನು ಗ್ರೀಕ್ ಕವಿ ಸೈಮನೈಡೀಸ್‌ಗೆ ಸಲ್ಲಿಸುವುದು ವಾಡಿಕೆ. ಔತಣದ ಮನೆ ಕುಸಿದು ಗುರುತು ಸಿಗದಂತಾದ ಶವಗಳನ್ನು ಆತ, ಯಾರು ಎಲ್ಲಿ ಕುಳಿತಿದ್ದರೆಂಬ ನೆನಪಿನ ಮೇಲೆ ಗುರುತಿಸಿದನೆಂಬುದು ಕಥೆ. ಆದರೆ ಇದನ್ನು ಹೇಳುವ ರೋಮನ್ ವಾಗ್ಮಿ ಸಿಸೆರೋನ ಗ್ರಂಥ ಕ್ರಿ.ಪೂ. 55ರದು; ಕವಿ ತೀರಿಕೊಂಡು ಅಷ್ಟು ಹೊತ್ತಿಗೆ ನಾಲ್ಕು ಶತಮಾನ ಕಳೆದಿತ್ತು. ಕ್ರಿ.ಶ. ಮೊದಲ ಶತಮಾನದ ರೋಮನ್ ವಾಗ್ಮಿತಾ ಶಿಕ್ಷಕ ಕ್ವಿಂಟಿಲಿಯನ್, ಮನೆ ಯಾವ ಊರಿನಲ್ಲಿತ್ತು, ಕವಿ ಯಾರ ಹೊಗಳಿಕೆಗೆ ಹಾಡು ಕಟ್ಟಿದ್ದ ಎಂಬುದರಲ್ಲೇ ಒಮ್ಮತವಿಲ್ಲವೆಂದು ತೋರಿಸಿದ್ದಾನೆ. ಕವಿಯನ್ನು ದೇವತೆಗಳು ಹೊರಗೆ ಕರೆದು ಉಳಿಸಿದರೆಂಬ ಭಾಗವನ್ನು ಅವನು ನಂಬಲೇ ಇಲ್ಲ.

ವಿಧಾನದ ವಿವರಗಳು ಸಿಗುವುದು ಕ್ರಿ.ಪೂ. 80ರ ದಶಕದ ‘ರೆಟೊರಿಕಾ ಅಡ್ ಹೆರೆನ್ನಿಯಮ್’ ಎಂಬ ಲ್ಯಾಟಿನ್ ಕೈಪಿಡಿಯಲ್ಲಿ. ಮಧ್ಯಯುಗದಲ್ಲಿ ಇದನ್ನು ಸಿಸೆರೋನದೆಂದೇ ನಂಬಿದ್ದರು. ನಿಜವಾದ ಕರ್ತೃ ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಜಾಗಗಳ ನಡುವೆ ಸುಮಾರು 30 ಅಡಿ ಅಂತರವಿರಲಿ, ಬೆಳಕು ಹೆಚ್ಚೂ ಬೇಡ ಕಡಿಮೆಯೂ ಬೇಡ, ಒಂದೇ ಬಗೆಯ ಕಂಬಸಾಲು ಬೇಡ ಎನ್ನುತ್ತದೆ ಅದು. ಎಣಿಕೆ ತಪ್ಪದಂತೆ ಐದನೆಯ ಜಾಗದಲ್ಲೊಂದು ಚಿನ್ನದ ಕೈ ಇಡಬೇಕು.

ಅದು ಕೊಡುವ ಉದಾಹರಣೆ ಒಂದು ಮೊಕದ್ದಮೆ. ಆಸ್ತಿಗಾಗಿ ವಿಷವಿಕ್ಕಿದ ಆರೋಪ, ಸಾಕ್ಷಿಗಳು ಹಲವರು. ವಕೀಲ ಮೊದಲ ಜಾಗದಲ್ಲಿ ಹಾಸಿಗೆ ಹಿಡಿದ ರೋಗಿಯನ್ನು ಕಾಣಬೇಕು. ಪಕ್ಕದಲ್ಲಿ ಆರೋಪಿ: ಬಲಗೈಯಲ್ಲಿ ಬಟ್ಟಲು, ಎಡಗೈಯಲ್ಲಿ ಬರಹದ ಹಲಗೆಗಳು, ಉಂಗುರದ ಬೆರಳಿಗೆ ಟಗರಿನ ವೃಷಣ. ಬಟ್ಟಲು ವಿಷಕ್ಕೆ, ಹಲಗೆ ಉಯಿಲಿಗೆ. ಲ್ಯಾಟಿನ್‌ನಲ್ಲಿ ಸಾಕ್ಷಿಗಳಿಗೂ ವೃಷಣಗಳಿಗೂ ‘ಟೆಸ್ಟೀಸ್’ ಎಂಬ ಒಂದೇ ಪದವಿರುವುದರಿಂದ ಮೂರನೆಯದು ಸಾಕ್ಷಿಗಳಿಗೆ. ಅಪರಿಚಿತ ಪಾರಿಭಾಷಿಕ ಪದಗಳನ್ನು ಅದೇ ಧ್ವನಿಯ ವಸ್ತುವಿಗೆ ಗಂಟುಹಾಕುವ ಇಂದಿನ ಅಭ್ಯಾಸದ ಹಳೆಯ ಮಾದರಿ ಇದು.

ಭಾಷಣವನ್ನು ಅಕ್ಷರಶಃ ಒಪ್ಪಿಸುವುದಕ್ಕೆ ಈ ವಿಧಾನ ಒದಗುತ್ತದೆಯೇ ಎಂಬುದು ಹಳೆಯ ತಕರಾರು. ಪದಗಳನ್ನು ಜೋಡಿಸುವ ಅವ್ಯಯಗಳಿಗೆ ಚಿತ್ರವೆಲ್ಲಿ ಎಂದು ಕ್ವಿಂಟಿಲಿಯನ್ ಕೇಳಿದ. ಬರೆದ ಹಲಗೆಯಿಂದಲೇ ಸ್ವಲ್ಪ ಸ್ವಲ್ಪವಾಗಿ ಕಲಿಯುವುದು ಮೇಲೆಂದ.

ಮಧ್ಯಯುಗ, ಪುನರುಜ್ಜೀವನ ಕಾಲಗಳಲ್ಲೂ ತಂತ್ರ ಬಳಕೆಯಲ್ಲಿತ್ತು. 1596ರಲ್ಲಿ ಜೆಸ್ಯೂಟ್ ಪಾದ್ರಿ ಮತ್ತೇಯೊ ರಿಚ್ಚಿ ಇದರ ಬಗ್ಗೆ ಚೀನೀ ಭಾಷೆಯಲ್ಲಿ ಬರೆದ. 1966ರಲ್ಲಿ ಇತಿಹಾಸಜ್ಞೆ ಫ್ರಾನ್ಸಿಸ್ ಯೇಟ್ಸ್ ಅವರ ಅಧ್ಯಯನ ಇಡೀ ಪರಂಪರೆಯನ್ನು ಮತ್ತೆ ಬೆಳಕಿಗೆ ತಂದಿತು.

ತಂತ್ರ ಎಲ್ಲಿ ಕೈಕೊಡುತ್ತದೆಂಬುದನ್ನು ರಷ್ಯದ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ ದಾಖಲಿಸಿದ್ದಾರೆ. ಅವರು ವರ್ಷಾನುಗಟ್ಟಲೆ ಪರೀಕ್ಷಿಸಿದ, ಅಸಾಧಾರಣ ನೆನಪಿನ ಶೆರೆಶೆವ್‌ಸ್ಕಿ, ಮಾಸ್ಕೋದ ಗೋರ್ಕಿ ಬೀದಿಯುದ್ದಕ್ಕೂ ಪದಗಳನ್ನು ಇರಿಸುತ್ತಿದ್ದರು. ಒಮ್ಮೆ ‘ಮೊಟ್ಟೆ’ ಬಿಟ್ಟುಹೋಯಿತು: ಬಿಳಿ ಗೋಡೆಗೆ ಒರಗಿಸಿಟ್ಟಿದ್ದರಿಂದ ಅದು ಕಣ್ಣಿಗೆ ಬೀಳಲಿಲ್ಲ. ಆಮೇಲೆ ಅವರು ಚಿತ್ರಗಳನ್ನು ದೊಡ್ಡದಾಗಿಸಿ, ಕತ್ತಲ ಜಾಗಗಳಿಗೆ ಬೀದಿದೀಪ ಹಾಕಿಕೊಂಡರು.

2017ರಲ್ಲಿ ಮಾರ್ಟಿನ್ ಡ್ರೆಸ್ಲರ್ ತಂಡದ ಪ್ರಯೋಗದಲ್ಲಿ, ಆರು ವಾರ ಅಭ್ಯಾಸ ಮಾಡಿದ ಸಾಮಾನ್ಯರು 72 ಪದಗಳ ಪಟ್ಟಿಯಲ್ಲಿ ಸರಾಸರಿ 26ರಿಂದ 62ಕ್ಕೇರಿದರು. ಅಲ್ಲಿ ಅಳೆದದ್ದು ಬಿಡಿ ಪದಗಳ ನೆನಪನ್ನು. ಹೆಣೆದ ವಾಕ್ಯಗಳ ಕುರಿತು ಕ್ವಿಂಟಿಲಿಯನ್ ಎತ್ತಿದ ಪ್ರಶ್ನೆಗೆ ಆ ಅಂಕಿಗಳು ಉತ್ತರವಾಗುವುದಿಲ್ಲ.