ವರ್ಷದ ನಡುವೆ ಗೃಹ ಸಾಲ ಪಡೆದ ನೌಕರರು ಹೂಡಿಕೆ ಘೋಷಣೆಯನ್ನು ಪರಿಷ್ಕರಿಸಲು ವೇತನ ಶಾಖೆಗೆ ಬರೆಯುವ ಪತ್ರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಕಚೇರಿ, ಶಾಲೆ ಹಾಗೂ ಕಾಲೇಜುಗಳಲ್ಲಿ ಸೇವೆ ಸಲ್ಲಿಸುವ ವೇತನದಾರರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಲ್ಲಿನ ಲೆಕ್ಕಗಳು 2025-26ರ ಆರ್ಥಿಕ ವರ್ಷಕ್ಕೆ ಸಂಬಂಧಿಸಿದವು. ಕಲಂಗಳ ಸಂಖ್ಯೆಗಳು ಆದಾಯ ತೆರಿಗೆ ಅಧಿನಿಯಮ, 1961ರವು. ಆದಾಯ ತೆರಿಗೆ ಅಧಿನಿಯಮ, 2025ರ ಜಾರಿ ದಿನಾಂಕ 2026ರ ಏಪ್ರಿಲ್ 1 ಆಗಿರುವುದರಿಂದ, 2026-27 ಹಾಗೂ ನಂತರದ ವರ್ಷಗಳಿಗೆ ಪತ್ರ ಬರೆಯುವವರು ಹೊಸ ಅಧಿನಿಯಮದ ಕಲಂ ಮತ್ತು ನಮೂನೆಗಳ ಸಂಖ್ಯೆಗಳನ್ನು ನಮೂದಿಸತಕ್ಕದ್ದು.

ಪತ್ರದ ಅವಶ್ಯಕತೆ

ಆರ್ಥಿಕ ವರ್ಷದ ಆರಂಭದಲ್ಲಿ ನೌಕರರು ನೀಡುವ ಹೂಡಿಕೆ ಘೋಷಣೆಯು ಒಂದು ಅಂದಾಜು ಮಾತ್ರ. ಹಣ ಸೆಳೆಯುವ ಮತ್ತು ಬಟವಾಡೆ ಅಧಿಕಾರಿಯು ಅದರ ಆಧಾರದ ಮೇಲೆ ವರ್ಷದ ತೆರಿಗೆಯನ್ನು ಲೆಕ್ಕ ಹಾಕಿ, ಪ್ರತಿ ತಿಂಗಳ ವೇತನ ಬಿಲ್ಲಿನಲ್ಲಿ ಕಡಿತ ಮಾಡುತ್ತಾರೆ. ನಡುವೆ ಗೃಹ ಸಾಲ ಪಡೆದರೆ ಆ ಅಂದಾಜು ಬದಲಾಗುತ್ತದೆ. ಸ್ವಂತ ವಾಸದ ಮನೆಯ ಸಾಲದ ಬಡ್ಡಿಯು ಕಲಂ 24(ಬಿ) ಪ್ರಕಾರ ಮನೆ ಆಸ್ತಿಯ ಬಾಬ್ತಿನ ನಷ್ಟವಾಗುತ್ತದೆ. ಈ ನಷ್ಟವನ್ನು ವೇತನದ ತೆರಿಗೆ ಲೆಕ್ಕದಲ್ಲಿ ಪರಿಗಣಿಸಲು ಕಲಂ 192(2ಬಿ) ಅವಕಾಶ ನೀಡಿದೆ. ಆದರೆ ನೌಕರರು ವಿವರಗಳನ್ನು ಒದಗಿಸದ ಹೊರತು ಅಧಿಕಾರಿಯು ತಾನಾಗಿ ಈ ರಿಯಾಯಿತಿಯನ್ನು ನೀಡಲಾರರು. ಸಾಲದ ಕಂತು ವೇತನ ಬಿಲ್ಲಿನಲ್ಲೇ ಕಡಿತವಾಗುತ್ತಿದ್ದರೂ ಪ್ರತ್ಯೇಕ ಪತ್ರ ಬೇಕೇ ಬೇಕು.

ಮೊದಲು ತೆರಿಗೆ ಪದ್ಧತಿಯನ್ನು ಪರಿಶೀಲಿಸುವುದು

ಪತ್ರ ಬರೆಯುವ ಮುನ್ನ ನೌಕರರು ತಮ್ಮ ತೆರಿಗೆಯು ಹಳೆಯ ಪದ್ಧತಿಯಲ್ಲಿ ಕಡಿತವಾಗುತ್ತಿದೆಯೇ, ಕಲಂ 115ಬಿಎಸಿ ಪ್ರಕಾರದ ಹೊಸ ಪದ್ಧತಿಯಲ್ಲಿ ಕಡಿತವಾಗುತ್ತಿದೆಯೇ ಎಂಬುದನ್ನು ತಿಳಿದುಕೊಳ್ಳತಕ್ಕದ್ದು. 2023ರ ಏಪ್ರಿಲ್ 5ರ ಕೇಂದ್ರ ನೇರ ತೆರಿಗೆ ಮಂಡಳಿಯ ಸುತ್ತೋಲೆಯಂತೆ, ನೌಕರರು ಯಾವುದೇ ಪದ್ಧತಿಯನ್ನು ತಿಳಿಸದಿದ್ದಲ್ಲಿ ಹೊಸ ಪದ್ಧತಿಯಲ್ಲಿಯೇ ಕಡಿತ ಮಾಡಲಾಗುತ್ತದೆ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ಯಾವುದೇ ಕಡಿತವಿಲ್ಲ. ಅಸಲಿನ ಮರುಪಾವತಿಗೂ ಇಲ್ಲ. ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಬಡ್ಡಿಯನ್ನು ಬಾಡಿಗೆ ಆದಾಯದಲ್ಲಿ ಕಳೆಯಬಹುದಾದರೂ, ಉಳಿದ ನಷ್ಟವನ್ನು ವೇತನದೊಂದಿಗೆ ಹೊಂದಾಣಿಕೆ ಮಾಡಲು ಬರುವುದಿಲ್ಲ. ಆದ್ದರಿಂದ ಹೊಸ ಪದ್ಧತಿಯಲ್ಲಿರುವವರು ಬರೆಯುವ ಪರಿಷ್ಕರಣೆ ಪತ್ರದಿಂದ ವೇತನ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಬದಲಾಗುವುದಿಲ್ಲ. 2025-26ರಲ್ಲಿ ವಾರ್ಷಿಕ ವೇತನ 12,75,000 ರೂಪಾಯಿ ಮೀರದವರಿಗೆ ಹೊಸ ಪದ್ಧತಿಯಲ್ಲಿ ವೇತನದ ಮೇಲೆ ತೆರಿಗೆಯೇ ಇಲ್ಲದ ಕಾರಣ ಅವರು ಈ ಪತ್ರದ ಗೋಜಿಗೆ ಹೋಗಬೇಕಾಗಿಲ್ಲ.

ಬಡ್ಡಿಯ ಮೊತ್ತವನ್ನು ನಿರ್ಧರಿಸುವುದು

ಪತ್ರದಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಮಾಸಿಕ ಕಂತಿನ ಪೂರ್ಣ ಮೊತ್ತವನ್ನು ಬಡ್ಡಿ ಎಂದು ತೋರಿಸುವ ವಾಡಿಕೆ ಅನೇಕರಲ್ಲಿದೆ. ಕಂತಿನಲ್ಲಿ ಬಡ್ಡಿ ಮತ್ತು ಅಸಲು ಎರಡೂ ಸೇರಿರುತ್ತವೆ. ಬಡ್ಡಿಯ ಭಾಗ ಮಾತ್ರ ಕಲಂ 24(ಬಿ)ಗೆ ಬರುತ್ತದೆ. ಸ್ವಂತ ವಾಸದ ಮನೆಗೆ ಇದರ ಮಿತಿ ವರ್ಷಕ್ಕೆ 2,00,000 ರೂಪಾಯಿ. ಅಸಲಿನ ಭಾಗವು ಕಲಂ 80ಸಿಗೆ ಬರುತ್ತದೆ. ಅಲ್ಲಿ 1,50,000 ರೂಪಾಯಿಯ ಮಿತಿಯು ಭವಿಷ್ಯ ನಿಧಿ, ಕೆ.ಜಿ.ಐ.ಡಿ. ಹಾಗೂ ಜೀವ ವಿಮೆಯ ಕಂತುಗಳಿಂದಲೇ ತುಂಬಿದ್ದರೆ ಅಸಲಿನಿಂದ ಹೆಚ್ಚುವರಿ ಪ್ರಯೋಜನವಿಲ್ಲ. ನೋಂದಣಿ ಶುಲ್ಕ ಮತ್ತು ಮುದ್ರಾಂಕ ಶುಲ್ಕಗಳಿಗೂ ಇದೇ ಮಿತಿ ಅನ್ವಯಿಸುತ್ತದೆ.

ಉದಾಹರಣೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಸೇವೆಯಲ್ಲಿರುವ ಉಪನ್ಯಾಸಕರೊಬ್ಬರ ಪ್ರಕರಣವನ್ನು ತೆಗೆದುಕೊಳ್ಳಬಹುದು. ಅವರ ವಾರ್ಷಿಕ ವೇತನ 15,00,000 ರೂಪಾಯಿ. ಏಪ್ರಿಲ್‌ನಲ್ಲಿ ಹಳೆಯ ಪದ್ಧತಿಯನ್ನು ಆಯ್ಕೆ ಮಾಡಿ, 80ಸಿ ಅಡಿ ಪೂರ್ಣ 1,50,000 ರೂಪಾಯಿ ಘೋಷಿಸಿದ್ದರು. ತಂದೆಯವರ ಮನೆಯಲ್ಲಿ ವಾಸವಿದ್ದುದರಿಂದ ಮನೆ ಬಾಡಿಗೆ ಭತ್ಯೆಯ ವಿನಾಯಿತಿಯನ್ನು ಕೋರಿರಲಿಲ್ಲ. ಪ್ರಮಾಣಿತ ಕಡಿತ 50,000 ಮತ್ತು ವೃತ್ತಿ ತೆರಿಗೆ 2,500 ರೂಪಾಯಿಗಳನ್ನು ಕಳೆದ ನಂತರ ತೆರಿಗೆಗೆ ಒಳಪಡುವ ಆದಾಯ 12,97,500 ರೂಪಾಯಿ. ಉಪಕರ ಸೇರಿ ತೆರಿಗೆ 2,09,820 ರೂಪಾಯಿ, ಅಂದರೆ ತಿಂಗಳಿಗೆ 17,485 ರೂಪಾಯಿ.

ಸೆಪ್ಟೆಂಬರ್ ಕೊನೆಯಲ್ಲಿ ಅವರು ಕೊಟ್ಟೂರಿನಲ್ಲಿ ಕಟ್ಟಿ ಮುಗಿದ ಮನೆಯೊಂದನ್ನು 25,00,000 ರೂಪಾಯಿ ಸಾಲದಿಂದ ಖರೀದಿಸಿ ಅದರಲ್ಲಿ ವಾಸಕ್ಕೆ ಬಂದರು. ಬಡ್ಡಿ ಶೇಕಡ 8.5, ಅವಧಿ 20 ವರ್ಷ, ಮಾಸಿಕ ಕಂತು ಸುಮಾರು 21,696 ರೂಪಾಯಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ 6 ಕಂತುಗಳ ಮೊತ್ತ ಸುಮಾರು 1,30,200 ರೂಪಾಯಿ. ಅದರಲ್ಲಿ ಬಡ್ಡಿ ಸುಮಾರು 1,05,800 ಮಾತ್ರ. ಅವರು ಪತ್ರದಲ್ಲಿ 1,05,000 ರೂಪಾಯಿ ಎಂದು ಸ್ವಲ್ಪ ಕಡಿಮೆಯಾಗಿಯೇ ತೋರಿಸುವುದು ಯುಕ್ತ. ಹೆಚ್ಚು ತೋರಿಸಿ ಕೊನೆಗೆ ಪ್ರಮಾಣಪತ್ರದಲ್ಲಿ ಕಡಿಮೆ ಬಂದರೆ, ವ್ಯತ್ಯಾಸದ ತೆರಿಗೆಯೆಲ್ಲ ಕೊನೆಯ ಒಂದು ಬಿಲ್ಲಿನ ಮೇಲೆ ಬೀಳುತ್ತದೆ.

1,05,000 ರೂಪಾಯಿಯನ್ನು ಕಳೆದಾಗ ತೆರಿಗೆಗೆ ಒಳಪಡುವ ಆದಾಯ 11,92,500 ಹಾಗೂ ತೆರಿಗೆ 1,77,060 ರೂಪಾಯಿ ಆಗುತ್ತದೆ. ಪತ್ರ ತಲುಪುವ ವೇಳೆಗೆ 8 ಬಿಲ್ಲುಗಳಲ್ಲಿ 1,39,880 ರೂಪಾಯಿ ಕಡಿತವಾಗಿದ್ದರೆ, ಉಳಿದ 37,180 ರೂಪಾಯಿಯನ್ನು 4 ಬಿಲ್ಲುಗಳಿಗೆ ಹಂಚಲಾಗುತ್ತದೆ. ಮಾಸಿಕ ಕಡಿತ 17,485ರಿಂದ 9,295 ರೂಪಾಯಿಗೆ ಇಳಿಯುತ್ತದೆ. ಹಿಂದಿನ ತಿಂಗಳುಗಳಲ್ಲಿ ಕಡಿತವಾದ ಹಣವನ್ನು ಕಚೇರಿಯು ಮರಳಿಸುವುದಿಲ್ಲ. ಮುಂದಿನ ಬಿಲ್ಲುಗಳಲ್ಲಿ ಸರಿಹೊಂದಿಸುವುದಷ್ಟೇ ಸಾಧ್ಯ. ಆದ್ದರಿಂದ ಬಿಲ್ಲುಗಳು ಉಳಿದಿರುವಾಗಲೇ ಪತ್ರ ತಲುಪತಕ್ಕದ್ದು.

ಇದೇ ಉಪನ್ಯಾಸಕರು ಹೊಸ ಪದ್ಧತಿಯಲ್ಲಿದ್ದಿದ್ದರೆ ಸಾಲದ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದೆಯೇ ಅವರ ತೆರಿಗೆ 97,500 ರೂಪಾಯಿ ಮಾತ್ರ ಆಗುತ್ತಿತ್ತು. ಮುಂದಿನ ಇಡೀ ವರ್ಷದಂತೆ ಪೂರ್ಣ 2,00,000 ರೂಪಾಯಿ ಬಡ್ಡಿಯನ್ನು ಕಳೆದರೂ ಹಳೆಯ ಪದ್ಧತಿಯ ತೆರಿಗೆ 1,47,420 ರೂಪಾಯಿ. ಗೃಹ ಸಾಲವಿದ್ದವರಿಗೆ ಹಳೆಯ ಪದ್ಧತಿಯೇ ಲಾಭ ಎಂಬ ಮಾತು ಕಚೇರಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಲೆಕ್ಕ ಹಾಕದೆ ಅದನ್ನು ನಂಬಿ, ಹೊಸ ಪದ್ಧತಿಯಿಂದ ಹಳೆಯದಕ್ಕೆ ಬದಲಾಯಿಸಲು ಪತ್ರ ಬರೆಯುವುದು ಸೂಕ್ತವಲ್ಲ. ಈಗಾಗಲೇ ಹಳೆಯ ಪದ್ಧತಿಯಲ್ಲಿ ಕಡಿತವಾಗಿದ್ದವರಿಗೂ ದಾರಿ ಉಂಟು. ಕಚೇರಿಗೆ ತಿಳಿಸಿದ ಪದ್ಧತಿಯು ವಿವರಣ ಪಟ್ಟಿಯ ವಿಷಯದಲ್ಲಿ ಅಂತಿಮವಲ್ಲ. ಕಲಂ 139(1)ರ ನಿಗದಿತ ದಿನಾಂಕದೊಳಗೆ ವಿವರಣ ಪಟ್ಟಿ ಸಲ್ಲಿಸುವಾಗ ಲಾಭದಾಯಕ ಪದ್ಧತಿಯನ್ನು ಆರಿಸಿ, ಹೆಚ್ಚುವರಿ ಕಡಿತವನ್ನು ಮರುಪಾವತಿಯಾಗಿ ಪಡೆಯಬಹುದು.

ಮನೆ ಇನ್ನೂ ಕಟ್ಟುತ್ತಿದ್ದರೆ

ಈ ಭಾಗದಲ್ಲಿ ನಿವೇಶನ ಹೊಂದಿದವರು ಹಂತ ಹಂತವಾಗಿ ಸಾಲ ಪಡೆದು ಮನೆ ಕಟ್ಟಿಸುವುದು ಸಾಮಾನ್ಯ. ಮಾರ್ಚ್ 31ರೊಳಗೆ ಮನೆ ಪೂರ್ಣಗೊಳ್ಳದಿದ್ದರೆ ಆ ವರ್ಷ ಬಡ್ಡಿಯ ಕಡಿತವನ್ನಾಗಲಿ ಅಸಲಿನ ಕಡಿತವನ್ನಾಗಲಿ ಕೋರಲು ಬರುವುದಿಲ್ಲ. ಕಂತು ಕಟ್ಟಿದ ರಸೀದಿಗಳಿದ್ದರೂ ಅಧಿಕಾರಿಯು ಪತ್ರವನ್ನು ಒಪ್ಪುವಂತಿಲ್ಲ. ಅದುವರೆಗಿನ ಬಡ್ಡಿ ವ್ಯರ್ಥವಾಗುವುದಿಲ್ಲ. ಮನೆ ಪೂರ್ಣಗೊಂಡ ವರ್ಷಕ್ಕಿಂತ ಹಿಂದಿನ ಮಾರ್ಚ್ 31ರವರೆಗೆ ಪಾವತಿಸಿದ ಬಡ್ಡಿಯನ್ನು, ಪೂರ್ಣಗೊಂಡ ವರ್ಷದಿಂದ ಆರಂಭಿಸಿ 5 ಸಮಾನ ಕಂತುಗಳಲ್ಲಿ, 2,00,000 ರೂಪಾಯಿಯ ಅದೇ ಮಿತಿಯೊಳಗೆ ಕೋರಬಹುದು. ಸಾಲ ಪಡೆದ ಆರ್ಥಿಕ ವರ್ಷದ ಅಂತ್ಯದಿಂದ 5 ವರ್ಷಗಳೊಳಗೆ ನಿರ್ಮಾಣ ಮುಗಿಯದಿದ್ದಲ್ಲಿ ಸ್ವಂತ ವಾಸದ ಮನೆಯ ಮಿತಿ 30,000 ರೂಪಾಯಿಗೆ ಇಳಿಯುತ್ತದೆ. ಈ ಕಾರಣದಿಂದ ಪತ್ರದಲ್ಲಿ ಮನೆ ಪೂರ್ಣಗೊಂಡ ಅಥವಾ ಸ್ವಾಧೀನಕ್ಕೆ ಬಂದ ದಿನಾಂಕವನ್ನು ಬಿಡದೆ ನಮೂದಿಸತಕ್ಕದ್ದು.

ಪತ್ರದ ಮಾದರಿ

ಇವರಿಗೆ: ಹಣ ಸೆಳೆಯುವ ಮತ್ತು ಬಟವಾಡೆ ಅಧಿಕಾರಿಗಳು (ವೇತನ ಶಾಖೆ)
ಇವರಿಂದ: (ಹೆಸರು, ಹುದ್ದೆ, ಕೆ.ಜಿ.ಐ.ಡಿ. ಸಂಖ್ಯೆ, ಪ್ಯಾನ್)

ಮಾನ್ಯರೇ,

ವಿಷಯ: 2025-26ನೇ ಸಾಲಿನ ಹೂಡಿಕೆ ಘೋಷಣೆಯನ್ನು ಪರಿಷ್ಕರಿಸುವ ಬಗ್ಗೆ.
ಉಲ್ಲೇಖ: ಏಪ್ರಿಲ್ 2025ರಲ್ಲಿ ಸಲ್ಲಿಸಿದ ನನ್ನ ಘೋಷಣೆ.

ಉಲ್ಲೇಖಿತ ಘೋಷಣೆಯಲ್ಲಿ ನಾನು ಹಳೆಯ ತೆರಿಗೆ ಪದ್ಧತಿಯನ್ನು ಆಯ್ಕೆ ಮಾಡಿರುತ್ತೇನೆ. ಆ ನಂತರ ದಿನಾಂಕ ________ರಂದು ________ ಬ್ಯಾಂಕಿನ ________ ಶಾಖೆಯಿಂದ ರೂ. 25,00,000 ಗೃಹ ಸಾಲವನ್ನು ಪಡೆದು, ಕೊಟ್ಟೂರು ಪಟ್ಟಣದ ಮನೆಯನ್ನು ಖರೀದಿಸಿರುತ್ತೇನೆ. ಸದರಿ ಮನೆಯು ದಿನಾಂಕ ________ರಂದು ನನ್ನ ಸ್ವಾಧೀನಕ್ಕೆ ಬಂದಿದ್ದು, ನಾನು ಅದರಲ್ಲಿಯೇ ವಾಸವಾಗಿದ್ದೇನೆ. ಮನೆಯಲ್ಲಿಯೂ ಸಾಲದಲ್ಲಿಯೂ ನನ್ನ ಪಾಲು ಪೂರ್ಣವಾಗಿರುತ್ತದೆ. ಮಾರ್ಚ್ 31, 2026ರವರೆಗಿನ ಅಂದಾಜು ಬಡ್ಡಿ ರೂ. 1,05,000. ಕಲಂ 80ಸಿ ಅಡಿಯ ಘೋಷಣೆಯಲ್ಲಿ ಬದಲಾವಣೆ ಇರುವುದಿಲ್ಲ. ಮನೆ ಬಾಡಿಗೆ ಭತ್ಯೆಯ ವಿನಾಯಿತಿಯನ್ನು ನಾನು ಕೋರಿರುವುದಿಲ್ಲ.

ಕಲಂ 192(2ಬಿ) ಪ್ರಕಾರ ಸದರಿ ಬಡ್ಡಿಯನ್ನು ಪರಿಗಣಿಸಿ, ಉಳಿದ ತಿಂಗಳುಗಳ ತೆರಿಗೆ ಕಡಿತವನ್ನು ಮರು ಲೆಕ್ಕ ಹಾಕಬೇಕಾಗಿ ಕೋರುತ್ತೇನೆ. ಬ್ಯಾಂಕಿನ ಅಂತಿಮ ಬಡ್ಡಿ ಪ್ರಮಾಣಪತ್ರವನ್ನು ಕಚೇರಿ ನಿಗದಿಪಡಿಸಿದ ದಿನಾಂಕದೊಳಗೆ ಸಲ್ಲಿಸುತ್ತೇನೆ.

ಲಗತ್ತು: ನಮೂನೆ 12ಬಿಬಿ, ಬ್ಯಾಂಕಿನ ತಾತ್ಕಾಲಿಕ ಬಡ್ಡಿ ಪ್ರಮಾಣಪತ್ರ, ಸಾಲ ಮಂಜೂರಾತಿ ಪತ್ರದ ಪ್ರತಿ, ಕ್ರಯಪತ್ರದ ಪ್ರತಿ.

ತಮ್ಮ ವಿಶ್ವಾಸಿ,
(ಸಹಿ, ದಿನಾಂಕ)

ಪತ್ರದೊಂದಿಗೆ ಗಮನಿಸಬೇಕಾದ ಅಂಶಗಳು

ನಮೂನೆ 12ಬಿಬಿಯಲ್ಲಿ ಬಡ್ಡಿಯ ಮೊತ್ತದ ಜೊತೆಗೆ ಸಾಲ ನೀಡಿದವರ ಹೆಸರು, ವಿಳಾಸ ಮತ್ತು ಪ್ಯಾನ್ ತುಂಬಬೇಕು. ಇಲ್ಲಿ ಬೇಕಾಗಿರುವುದು ಬ್ಯಾಂಕಿನ ಪ್ಯಾನ್. ನೌಕರರ ಪ್ಯಾನ್ ಅಲ್ಲ. ಬ್ಯಾಂಕಿನ ಪ್ಯಾನ್ ಸಾಮಾನ್ಯವಾಗಿ ಬಡ್ಡಿ ಪ್ರಮಾಣಪತ್ರದಲ್ಲಿಯೇ ಮುದ್ರಿತವಾಗಿರುತ್ತದೆ.

ಪತಿ ಪತ್ನಿ ಇಬ್ಬರೂ ನೌಕರರಾಗಿದ್ದು ಜಂಟಿಯಾಗಿ ಮನೆ ಮತ್ತು ಸಾಲವನ್ನು ಹೊಂದಿದ್ದರೆ, ಪ್ರತಿಯೊಬ್ಬರೂ ತಮ್ಮ ಪಾಲಿನ ಬಡ್ಡಿಯನ್ನು ಮಾತ್ರ ತಮ್ಮ ಕಚೇರಿಗೆ ತಿಳಿಸತಕ್ಕದ್ದು. 2,00,000 ರೂಪಾಯಿಯ ಮಿತಿಯು ಇಬ್ಬರಿಗೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಒಂದೇ ಪ್ರಮಾಣಪತ್ರದ ಪೂರ್ಣ ಮೊತ್ತವನ್ನು ಇಬ್ಬರೂ ತೋರಿಸುವಂತಿಲ್ಲ. ಸಾಲದಲ್ಲಿ ಹೆಸರಿದ್ದು ಕ್ರಯಪತ್ರದಲ್ಲಿ ಹೆಸರಿಲ್ಲದವರಿಗೆ ಈ ಕಡಿತ ಲಭ್ಯವಿಲ್ಲ.

ಬಾಡಿಗೆ ಮನೆಯಲ್ಲಿದ್ದು ಮನೆ ಬಾಡಿಗೆ ಭತ್ಯೆಯ ವಿನಾಯಿತಿಯನ್ನು ಪಡೆಯುತ್ತಿದ್ದವರು ಹೊಸ ಮನೆಗೆ ವಾಸ ಬದಲಿಸಿದ್ದರೆ, ಬಾಡಿಗೆ ಪಾವತಿ ನಿಂತ ತಿಂಗಳನ್ನು ಅದೇ ಪತ್ರದಲ್ಲಿ ತಿಳಿಸತಕ್ಕದ್ದು. ಹೊಸ ಕಡಿತವನ್ನು ಸೇರಿಸಿ ಹಳೆಯದನ್ನು ತೆಗೆಯದಿರುವುದು ಪರಿಶೀಲನೆಯಲ್ಲಿ ಸುಲಭವಾಗಿ ಕಂಡುಬರುತ್ತದೆ.

ಆಸ್ತಿಯ ವಿಳಾಸವನ್ನು ದಾಖಲೆಯಲ್ಲಿರುವಂತೆ ಬರೆಯುವುದು ಉಚಿತ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಬಳಿಕ ಬಳ್ಳಾರಿ ಜಿಲ್ಲೆಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಕೊಟ್ಟೂರು ತಾಲ್ಲೂಕು ಕೂಡ್ಲಿಗಿಯಿಂದ ಬೇರ್ಪಟ್ಟದ್ದು. ಆದ್ದರಿಂದ ಹಳೆಯ ಪತ್ರಗಳಲ್ಲಿ ಬೇರೆ ಜಿಲ್ಲೆ ಅಥವಾ ತಾಲ್ಲೂಕಿನ ಹೆಸರಿದ್ದರೆ ಅದು ದೋಷವಲ್ಲ. ಈಗಿನ ಹೆಸರನ್ನು ಪಕ್ಕದಲ್ಲಿ ಸೇರಿಸಿದರೆ ವೇತನ ಶಾಖೆಯಿಂದ ಆಕ್ಷೇಪಣೆ ಬರುವ ಸಂಭವ ಕಡಿಮೆ.

ಪತ್ರದ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಮತ್ತು ದಿನಾಂಕವನ್ನು ಪಡೆದುಕೊಳ್ಳತಕ್ಕದ್ದು. ಮುಂದಿನ ತಿಂಗಳ ವೇತನ ಚೀಟಿಯಲ್ಲಿ ಆದಾಯ ತೆರಿಗೆಯ ಕಡಿತ ಇಳಿದಿದೆಯೇ ಎಂದು ನೋಡುವುದರಿಂದ ಪತ್ರದ ಮೇಲೆ ಕ್ರಮವಾಗಿದೆಯೇ ಎಂಬುದು ತಿಳಿಯುತ್ತದೆ. ಕೊನೆಯ ಬಿಲ್ಲು ತಯಾರಾಗುವವರೆಗೂ ಕ್ರಮವಾಗದಿದ್ದಲ್ಲಿ, ಹಳೆಯ ಪದ್ಧತಿಯಲ್ಲಿ ಉಳಿಯುವವರು ನಮೂನೆ 16ರಲ್ಲಿ ಕಾಣದ ಬಡ್ಡಿಯನ್ನು ನಿಗದಿತ ದಿನಾಂಕದೊಳಗೆ ಸಲ್ಲಿಸುವ ವಿವರಣ ಪಟ್ಟಿಯಲ್ಲಿ ನೇರವಾಗಿ ಕೋರಬಹುದು. ಅದಕ್ಕಾಗಿ ಬ್ಯಾಂಕಿನ ಅಂತಿಮ ಪ್ರಮಾಣಪತ್ರವನ್ನು ಕಾಯ್ದಿರಿಸಿಕೊಳ್ಳತಕ್ಕದ್ದು.